ಶಾರ್ಪ್, ಸಾರ್ಟಿನೋ, ಕಾಲ್ಮಾರ್: ಫಂಡ್ ಆರಿಸಲು ನಾನು ಶಾರ್ಪ್ ಅನ್ನೇ ನಂಬುವುದೇಕೆ

ದೀರ್ಘಾವಧಿಗೆಂದು ಎತ್ತಿಟ್ಟ ಹಣ ಹಾಕಲು ಫಂಡ್ ಹುಡುಕುತ್ತಾ ಹೋದಾಗ ಕೊನೆಗೆ ಕೈಯಲ್ಲಿ ಎರಡು ಉಳಿದವು. ಮೂರು ವರ್ಷದ ರಿಟರ್ನ್ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಆ ರಿಟರ್ನ್ ಗಳಿಸಲು ಯಾವ ಫಂಡ್ ಎಷ್ಟು ಏರಿಳಿದಿದೆ ಎನ್ನುವುದರ ಮೇಲೆ ಆಯ್ಕೆ ನಿಂತಿತ್ತು. ಅದನ್ನು ಅಳೆಯಲು, ರಿಟರ್ನ್ ಅನ್ನು ಅಪಾಯದಿಂದ ಭಾಗಿಸುವ ಶಾರ್ಪ್, ಸಾರ್ಟಿನೋ, ಕಾಲ್ಮಾರ್ ಎಂಬ ಮೂರು ಅನುಪಾತಗಳನ್ನೂ ನಾನೇ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿ ನೋಡಿದೆ. ನನ್ನ ಮತ ಶಾರ್ಪ್‌ಗೆ. ಅದನ್ನು ನೋಡಿ ಕೊಂಡ ಫಂಡ್ ಈಗಲೂ ನನ್ನ ಬಳಿ ಇದೆ, ಬದಲಿಸುವ ಯೋಚನೆ ಇಲ್ಲ.

ಶಾರ್ಪ್‌ನ ಲೆಕ್ಕ ಬಹಳ ಸರಳ. ಪ್ರತಿ ತಿಂಗಳ ರಿಟರ್ನ್‌ನಿಂದ, ಯಾವ ಅಪಾಯವೂ ಇಲ್ಲದೆ ಆ ತಿಂಗಳು ಸಿಗಬಹುದಾಗಿದ್ದ ಬಡ್ಡಿಯನ್ನು ಕಳೆಯಬೇಕು. ಸಾಮಾನ್ಯವಾಗಿ ಸರ್ಕಾರದ ಅಲ್ಪಾವಧಿ ಸಾಲಪತ್ರದ ದರವನ್ನು ಇದಕ್ಕೆ ಬಳಸುತ್ತಾರೆ. ಉಳಿದದ್ದು ಹೆಚ್ಚುವರಿ ರಿಟರ್ನ್. ಅದರ ಸರಾಸರಿಯನ್ನು ಅದರದೇ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ, ಅಂದರೆ ಸರಾಸರಿಯ ಆಚೀಚೆ ಅದು ಏರಿಳಿಯುವ ಪ್ರಮಾಣದಿಂದ ಭಾಗಿಸಿ, ವಾರ್ಷಿಕ ಅಂಕಿಯಾಗಿಸಲು 12ರ ವರ್ಗಮೂಲದಿಂದ ಗುಣಿಸಿದರೆ ಮುಗಿಯಿತು. ವಿಲಿಯಂ ಶಾರ್ಪ್ 1966ರಲ್ಲಿ ಮ್ಯೂಚುವಲ್ ಫಂಡ್‌ಗಳನ್ನು ತೂಗಿ ನೋಡಲೆಂದೇ ಇದನ್ನು ಮುಂದಿಟ್ಟರು.

ಸಾರ್ಟಿನೋದ ಆಕ್ಷೇಪ ಕೇಳಲು ತುಂಬಾ ನ್ಯಾಯವಾಗಿದೆ. ಫಂಡ್ ಮೇಲಕ್ಕೆ ಜಿಗಿದರೆ ಯಾರಿಗೂ ನೋವಿಲ್ಲ, ಆದರೂ ಶಾರ್ಪ್ ಅದನ್ನು ಏರಿಳಿತದ ಲೆಕ್ಕಕ್ಕೇ ಹಾಕುತ್ತದೆ. ಹಾಗಾದರೆ ಛೇದದಲ್ಲಿ ಇಳಿತವನ್ನು ಮಾತ್ರ ಇಟ್ಟರೆ ಸಾಲದೇ? ಮೊದಮೊದಲು ನನಗೂ ಇದೇ ಸರಿ ಅನ್ನಿಸಿತ್ತು. ತೊಡಕು ಶುರುವಾದದ್ದು ನಾನು ಲೆಕ್ಕ ಹಾಕಿದ ಸಾರ್ಟಿನೋಗೂ ಎರಡು ಬೇರೆ ಬೇರೆ ಪಟ್ಟಿಗಳಲ್ಲಿದ್ದ ಸಾರ್ಟಿನೋಗೂ ತಾಳೆಯೇ ಆಗದಿದ್ದಾಗ. ಫಂಡ್ ಅದೇ, ಅವಧಿಯೂ ಅದೇ. ದಶಾಂಶದ ವ್ಯತ್ಯಾಸವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇಲ್ಲಿ ಒಂದು ಪಟ್ಟಿಯಲ್ಲಿ ಸಾಧಾರಣ ಎನ್ನಿಸುವ ಫಂಡ್ ಇನ್ನೊಂದರಲ್ಲಿ ಅದ್ಭುತವಾಗಿ ಕಾಣುತ್ತಿತ್ತು.

ಕಾರಣ ಛೇದದಲ್ಲಿದೆ. ಒಂದು ಚಿಕ್ಕ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಫಂಡ್‌ನ 12 ತಿಂಗಳ ಹೆಚ್ಚುವರಿ ರಿಟರ್ನ್‌ನಲ್ಲಿ ಏಳು ತಿಂಗಳು ತಲಾ ಶೇ. 3 ಲಾಭ. ಉಳಿದ ಐದು ತಿಂಗಳಲ್ಲಿ ನಷ್ಟ: ಒಮ್ಮೆ ಶೇ. 2, ಮೂರು ಸಲ ಶೇ. 3, ಒಮ್ಮೆ ಶೇ. 4. ಲಾಭದ ಮೊತ್ತ 21, ನಷ್ಟದ ಮೊತ್ತ 15. ಉಳಿದ 6ನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸರಾಸರಿ ಶೇ. 0.5.

ಸಾರ್ಟಿನೋವನ್ನು ಸರಿಯಾಗಿ ಲೆಕ್ಕ ಹಾಕುವುದೆಂದರೆ ನಷ್ಟದ ತಿಂಗಳುಗಳ ವರ್ಗಗಳನ್ನು ಕೂಡಿ, ಒಟ್ಟು 12 ತಿಂಗಳಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ಲಾಭದ ತಿಂಗಳುಗಳು ಸೊನ್ನೆಯಾಗಿ ಲೆಕ್ಕದಲ್ಲಿ ಕೂತೇ ಇರುತ್ತವೆ. ಇಲ್ಲಿ ವರ್ಗಗಳ ಮೊತ್ತ 47, ಹಾಗಾಗಿ ವಾರ್ಷಿಕ ಸಾರ್ಟಿನೋ 0.88.

ಕೆಲವರು ಲಾಭದ ತಿಂಗಳುಗಳನ್ನು ಪೂರ್ತಿ ಕೈಬಿಟ್ಟು, 47ನ್ನು ಐದರಿಂದ ಭಾಗಿಸುತ್ತಾರೆ. ಆಗ ಅದೇ ಫಂಡ್‌ಗೆ 0.56 ಬರುತ್ತದೆ. ನಷ್ಟ ಎಷ್ಟು ಸಲ ಆಯಿತು ಎಂಬುದು ಈ ಲೆಕ್ಕದಲ್ಲಿ ಮಾಯವಾಗುತ್ತದೆ. ವರ್ಷಕ್ಕೊಮ್ಮೆ ಶೇ. 3 ಕಳೆಯುವ ಫಂಡ್‌ಗೂ ಐದು ಸಲ ಶೇ. 3 ಕಳೆಯುವ ಫಂಡ್‌ಗೂ ಛೇದ ಒಂದೇ ಆಗಿಬಿಡುತ್ತದೆ.

ಮೂರನೆಯ ರೀತಿ ಎಲ್ಲಕ್ಕಿಂತ ಅಪಾಯಕಾರಿ, ಮತ್ತು ಹಲವರು ಮಾಡುವುದು ಇದನ್ನೇ. ನಷ್ಟದ ತಿಂಗಳುಗಳನ್ನು ಸೋಸಿ ತೆಗೆದು, ಅವುಗಳ ಮೇಲೆ ಮಾಮೂಲಿ ಸ್ಟ್ಯಾಂಡರ್ಡ್ ಡೀವಿಯೇಶನ್ ಸೂತ್ರ ಓಡಿಸುತ್ತಾರೆ. ಆ ಸೂತ್ರ ನಷ್ಟವನ್ನು ಸೊನ್ನೆಯಿಂದ ಅಳೆಯುವುದಿಲ್ಲ, ನಷ್ಟಗಳದೇ ಸರಾಸರಿಯಿಂದ ಅಳೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಸರಾಸರಿ ನಷ್ಟ ಶೇ. 3. ಮೂರು ತಿಂಗಳು ಅದರ ಮೇಲೇ ಕೂತಿವೆ, ಎರಡು ಮಾತ್ರ ಒಂದೊಂದು ಅಂಶ ಆಚೀಚೆ. ಛೇದ ಕುಗ್ಗಿ 0.71ಕ್ಕೆ ಇಳಿದು, ಸಾರ್ಟಿನೋ 2.45ಕ್ಕೆ ಹಾರುತ್ತದೆ. ಐದೂ ತಿಂಗಳು ಸರಿಯಾಗಿ ಶೇ. 3 ನಷ್ಟವಾಗಿದ್ದರೆ ಛೇದವೇ ಸೊನ್ನೆ. ತಪ್ಪದೆ ಒಂದೇ ಪ್ರಮಾಣದಲ್ಲಿ ಹಣ ಕಳೆಯುವ ಫಂಡ್‌ಗೆ ಅಪಾಯವೇ ಇಲ್ಲ ಎಂದು ಆ ಸೂತ್ರ ಹೇಳುತ್ತದೆ.

0.56, 0.88, 2.45. ಒಂದೇ ಫಂಡ್, ಒಂದೇ ಹೆಸರಿನ ಮೂರು ಅಂಕಿ. ಇದರ ಮೇಲೆ ಕನಿಷ್ಠ ಗುರಿ ಎಷ್ಟು, ಅಂದರೆ ಯಾವ ಮಟ್ಟಕ್ಕಿಂತ ಕೆಳಗಿಳಿದರೆ ನಷ್ಟ ಎಂದು ಎಣಿಸಬೇಕು ಎಂಬ ಪ್ರಶ್ನೆ ಬೇರೆ ಇದೆ. ಕೆಲವರು ಸೊನ್ನೆ ಇಡುತ್ತಾರೆ, ಕೆಲವರು ಬಡ್ಡಿದರ ಇಡುತ್ತಾರೆ. ಪಟ್ಟಿಯ ಕೆಳಗೆ ಇದ್ಯಾವುದನ್ನೂ ಬರೆದಿರುವುದಿಲ್ಲ. ಅದೇ 12 ತಿಂಗಳಿಗೆ ಶಾರ್ಪ್ 0.56. ಇದರಲ್ಲೂ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯುವಾಗ 11ರಿಂದ ಭಾಗಿಸಬೇಕೇ 12ರಿಂದ ಭಾಗಿಸಬೇಕೇ ಎಂಬ ಭಿನ್ನಮತ ಇದೆ, ಆದರೆ 12ರಿಂದ ಭಾಗಿಸಿದರೂ ಬರುವುದು 0.58. ತಿಂಗಳುಗಳು ಹೆಚ್ಚಾದಷ್ಟೂ ಈ ಅಂತರ ಇನ್ನೂ ಸಣ್ಣದಾಗುತ್ತದೆ. ಬೇರೆಯವರು ಹಾಕಿದ ಶಾರ್ಪ್ ಅನ್ನು ನನ್ನದರ ಪಕ್ಕ ಇಟ್ಟು ನೋಡಬಹುದು. ನನಗೆ ಬೇಕಿದ್ದದ್ದು ಇಷ್ಟೇ.

ಹೆಚ್ಚುವರಿ ರಿಟರ್ನ್ B ಕಾಲಂನಲ್ಲಿದ್ದರೆ ಮೊದಲ ಸಾಲು ಶಾರ್ಪ್, ಎರಡನೆಯದು ಸರಿಯಾದ ಸಾರ್ಟಿನೋ:

```
=AVERAGE(B2:B13)/STDEV.S(B2:B13)*SQRT(12)
=AVERAGE(B2:B13)/SQRT(SUMPRODUCT((B2:B13<0)*B2:B13^2)/COUNT(B2:B13))*SQRT(12)
```

ಮೇಲ್ಮುಖ ಜಿಗಿತಕ್ಕೆ ಶಾರ್ಪ್ ದಂಡ ಹಾಕುತ್ತದೆ ಎಂಬ ದೂರಿಗೆ ಮರಳೋಣ. ನಮ್ಮ ಉದಾಹರಣೆಯಲ್ಲಿ ಒಂದು ಶೇ. 3ರ ತಿಂಗಳನ್ನು ತೆಗೆದು ಶೇ. 30 ಹಾಕಿದೆ. ಸಾರ್ಟಿನೋ 0.88ರಿಂದ 4.81ಕ್ಕೆ ಹೋಯಿತು. ಶಾರ್ಪ್ 1.05ಕ್ಕೆ ಬಂದು ನಿಂತಿತು. ಆ ತಿಂಗಳನ್ನು ಇನ್ನೆಷ್ಟೇ ದೊಡ್ಡದು ಮಾಡಿದರೂ ಅದು ಅದಕ್ಕಿಂತ ಹೆಚ್ಚೇನೂ ಮೇಲೇರುವುದಿಲ್ಲ, ಕ್ರಮೇಣ 1ರ ಹತ್ತಿರಕ್ಕೇ ಬರುತ್ತದೆ. ಇದನ್ನು ದೋಷ ಎನ್ನುವವರಿದ್ದಾರೆ. ನನಗೆ ಇದು ಗುಣ. ಒಂದೇ ತಿಂಗಳ ಅದೃಷ್ಟ ಇಡೀ ವರ್ಷವನ್ನು ಚಂದ ಕಾಣಿಸುವುದು ನನಗೆ ಬೇಡ.

ಕಾಲ್ಮಾರ್ ಬಗ್ಗೆ ಹೇಳಲು ಹೆಚ್ಚಿಲ್ಲ. ವಾರ್ಷಿಕ ರಿಟರ್ನ್ ಅನ್ನು, ಶಿಖರದಿಂದ ತಳಕ್ಕೆ ಆದ ಅತಿ ದೊಡ್ಡ ಕುಸಿತದಿಂದ ಭಾಗಿಸುತ್ತದೆ. ಅರ್ಥವಾಗಲು ಬಲು ಸುಲಭ. ಆದರೆ ಇಡೀ ಛೇದ ಒಂದೇ ಒಂದು ಘಟನೆಯ ಮೇಲೆ ನಿಂತಿದೆ. ಫಂಡ್ ಶುರುವಾದಾಗಿನಿಂದ ಲೆಕ್ಕ ಹಾಕಿದರೆ ದಿನಗಳೆದಂತೆ ಆ ಕುಸಿತ ದೊಡ್ಡದಾಗಬಹುದೇ ಹೊರತು ಚಿಕ್ಕದಾಗದು, ಹಾಗಾಗಿ ಕೆಟ್ಟ ಮಾರುಕಟ್ಟೆಯನ್ನು ಇನ್ನೂ ಕಾಣದ ಹೊಸ ಫಂಡ್‌ಗೆ ಸುಮ್ಮನೆ ಲಾಭ. ಹೋಲಿಸುವುದಾದರೆ ಎರಡಕ್ಕೂ ಒಂದೇ ಅವಧಿ ಇಟ್ಟುಕೊಳ್ಳಬೇಕು.

ಶಾರ್ಪ್ ಕೂಡ ಮೋಸಹೋಗುವ ಜಾಗ ಒಂದಿದೆ, ನನ್ನ ಎರಡು ಫಂಡ್‌ಗಳಲ್ಲಿ ಒಂದನ್ನು ಬಿಡಲು ಕಾರಣವಾದದ್ದೂ ಅದೇ. ಎರಡನೆಯ ಫಂಡ್‌ನ ಶಾರ್ಪ್ ಮೊದಲನೆಯದಕ್ಕಿಂತ ಸಾಕಷ್ಟು ಹೆಚ್ಚಿತ್ತು. ಅದರ ಹಣದ ದೊಡ್ಡ ಪಾಲು, ಅಪರೂಪಕ್ಕೆ ಕೈಬದಲಾಗುವ ಆಸ್ತಿಗಳಲ್ಲಿತ್ತು. ಅಂಥವುಗಳ ಬೆಲೆಯನ್ನು ಮಾರುಕಟ್ಟೆ ಹೇಳುವುದಿಲ್ಲ, ಯಾರೋ ಅಂದಾಜು ಮಾಡುತ್ತಾರೆ. ಅಂದಾಜು ಯಾವಾಗಲೂ ಹಿಂದಿನ ಬೆಲೆಗೆ ಅಂಟಿಕೊಂಡಿರುತ್ತದೆ. ಫಂಡ್ ತೋರಿಸುವ ರಿಟರ್ನ್ ಈ ತಿಂಗಳ ನಿಜವಾದ ರಿಟರ್ನ್ ಮತ್ತು ಹಿಂದಿನ ತಿಂಗಳದ್ದರ ಸರಾಸರಿ ಎಂದುಕೊಳ್ಳಿ. ತಿಂಗಳಿಗೂ ತಿಂಗಳಿಗೂ ಸಂಬಂಧವಿಲ್ಲದಿದ್ದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 2ರ ವರ್ಗಮೂಲದಷ್ಟು ಕುಗ್ಗುತ್ತದೆ. ನಿಜವಾಗಿ 0.56 ಇರುವ ಶಾರ್ಪ್ 0.79 ಎಂದು ಕಾಣುತ್ತದೆ. ಅಪಾಯ ಒಂದಿಷ್ಟೂ ಕಡಿಮೆಯಾಗಿಲ್ಲ, ಕಣ್ಣಿಗೆ ಬೀಳುತ್ತಿಲ್ಲ ಅಷ್ಟೇ.

ಪತ್ತೆಹಚ್ಚುವುದು ಕಷ್ಟವಲ್ಲ. ರಿಟರ್ನ್ ಕಾಲಂಗೂ, ಅದನ್ನೇ ಒಂದು ಸಾಲು ಕೆಳಗೆ ಸರಿಸಿದ ಕಾಲಂಗೂ ಇರುವ ಸಂಬಂಧ ನೋಡಬೇಕು. 36 ತಿಂಗಳ ಅಂಕಿಗಳಿದ್ದರೆ:

```
=CORREL(B2:B36,B3:B37)
```

ಇಷ್ಟು ತಿಂಗಳಿಗೆ 0.33ರವರೆಗಿನ ಅಂಕಿ ಆಕಸ್ಮಿಕವಾಗಿಯೂ ಬರಬಹುದು. ಮೇಲೆ ಹೇಳಿದ ಸರಾಸರಿ ನಡೆಯುತ್ತಿದ್ದರೆ 0.5ರ ಸುತ್ತ ಬರುತ್ತದೆ. ಇನ್ನೊಂದು ಪರೀಕ್ಷೆ, ಮೂರು ಮೂರು ತಿಂಗಳ ರಿಟರ್ನ್ ಕೂಡಿಸಿ ಶಾರ್ಪ್ ಅನ್ನು ಮತ್ತೆ ಹಾಕುವುದು. ವರ್ಷಕ್ಕೆ ನಾಲ್ಕು ಅವಧಿಯಾದ್ದರಿಂದ ಈಗ 2ರಿಂದ ಗುಣಿಸಬೇಕು. ಪ್ರಾಮಾಣಿಕವಾಗಿ ಬೆಲೆ ಕಟ್ಟಿದ ಫಂಡ್‌ನಲ್ಲಿ ಉತ್ತರ ಸುಮಾರು ಅಷ್ಟೇ ಇರುತ್ತದೆ. ಉದಾಹರಣೆಯ 0.79 ಮಾತ್ರ 0.61ರ ಆಸುಪಾಸಿಗೆ ಬೀಳುತ್ತದೆ. ನನ್ನ ಎರಡನೆಯ ಫಂಡ್ ಎರಡೂ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು, ಅದರ ಮೇಲುಗೈ ಅಲ್ಲಿಗೇ ಕರಗಿತು. ಸಾರ್ಟಿನೋ, ಕಾಲ್ಮಾರ್ ಎರಡನ್ನೂ ಇದೇ ಮಸುಕು ಬೆಲೆಗಳು ಮೋಸಗೊಳಿಸುತ್ತವೆ.

ಮೂರು ವರ್ಷದ ಅಂಕಿಗಳಿಂದ ತೆಗೆದ ವಾರ್ಷಿಕ ಶಾರ್ಪ್‌ನಲ್ಲಿ ಸುಮಾರು 0.58ರಷ್ಟು ಸ್ಟ್ಯಾಂಡರ್ಡ್ ಎರರ್ ಇರುತ್ತದೆ. ಅಂದರೆ 0.56 ಎಂಬ ಅಂಕಿಯಷ್ಟೇ ದೊಡ್ಡ ಅನುಮಾನ ಅದರ ಬೆನ್ನಿಗಿದೆ. 0.56 ಒಂದಕ್ಕೆ, 0.62 ಇನ್ನೊಂದಕ್ಕೆ ಎಂದು ಪಟ್ಟಿ ಮಾಡಿ ಮೊದಲ ಸ್ಥಾನ ಕೊಡುವುದರಲ್ಲಿ ಅರ್ಥವಿಲ್ಲ. ಅಷ್ಟು ಹತ್ತಿರವಿದ್ದರೆ ನಾನು ನಿರ್ವಹಣಾ ಶುಲ್ಕ ಕಡಿಮೆ ಇರುವುದನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಶುಲ್ಕದಲ್ಲಿ ಅನುಮಾನವಿಲ್ಲ.

ಹೆಚ್ಚುವರಿ ರಿಟರ್ನ್ ಸೊನ್ನೆಗಿಂತ ಕೆಳಗಿದ್ದಾಗ ಶಾರ್ಪ್ ನೋಡಲೇಬೇಡಿ. ಅಲ್ಲಿ ಹೆಚ್ಚು ಏರಿಳಿಯುವ ಫಂಡೇ ವಾಸಿ ಎಂದು ಕಾಣುತ್ತದೆ.

ನನ್ನ ಆಯ್ಕೆಗೆ ನನ್ನ ರೂಢಿಗಳೂ ಕಾರಣ. ಅಂಕಿಅಂಶಕ್ಕೆಂದು ದುಡ್ಡು ಕೊಟ್ಟು ಚಂದಾ ಕಟ್ಟುವುದಿಲ್ಲ, ಫಂಡ್‌ಗಳೇ ಪ್ರಕಟಿಸುವ ತಿಂಗಳ ಕೊನೆಯ ಯೂನಿಟ್ ಬೆಲೆ ಸಾಕು. ತಿಂಗಳಿಗಿಷ್ಟು ಎಂದು ಸಣ್ಣ ಮೊತ್ತ ಹಾಕುತ್ತೇನೆ, ತುರ್ತಿನ ಹಣ ಬೇರೆ ಕಡೆ ಇದೆ, ಮೂರು ತಿಂಗಳಿಗೊಮ್ಮೆ ಶೀಟ್ ತೆರೆಯುತ್ತೇನೆ. ಹೀಗಿರುವವರಿಗೆ ಎಲ್ಲ ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ, ಯಾರು ಹಾಕಿದರೂ ಹೆಚ್ಚುಕಡಿಮೆ ಅದೇ ಬರುವ ಶಾರ್ಪ್ ಸಾಕು. ಬೇಗ ಹಣ ತೆಗೆಯಬೇಕಾದವರು ಕಾಲ್ಮಾರ್‌ನ ಛೇದವನ್ನು, ಅಂದರೆ ಅತಿ ದೊಡ್ಡ ಕುಸಿತವನ್ನು, ಯಾವುದರಿಂದಲೂ ಭಾಗಿಸದೆ ಹಾಗೇ ನೋಡಿಕೊಳ್ಳುವುದು ಒಳ್ಳೆಯದು. ಆಗಾಗ ಸಣ್ಣ ನಷ್ಟ ನುಂಗಿ ಎಂದೋ ಒಮ್ಮೆ ದೊಡ್ಡ ಲಾಭ ಹೊಡೆಯುವ ತಂತ್ರವೇ ನಿಮ್ಮದಾಗಿದ್ದರೆ ಸಾರ್ಟಿನೋ ಬಳಸಿ, ಮೇಲಿನ ಎರಡನೆಯ ಸೂತ್ರದಿಂದ ಮತ್ತು ನೀವೇ ಇಟ್ಟ ಗುರಿಯಿಂದ.