ಎಸ್ಟಿಮೇಟ್‌ಗೆ ಅಂತ ವರ್ಕಿಂಗ್ ಡ್ರಾಯಿಂಗ್ ಕೊಡುವ ಮುಂಚೆ ಇದನ್ನು ಓದಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಮನೆಗಳ ಇಂಟೀರಿಯರ್ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸ ಶುರು ಮಾಡಿದವರು ದಯವಿಟ್ಟು ಪೂರ್ತಿ ಓದಿ. "ಡಿಸೈನ್ ಇಷ್ಟ ಆಗಲಿಲ್ಲ, ಬೇಡ" ಎಂದು ಫೀಸ್ ನಿಲ್ಲಿಸಿದ ಮನೆಯವರು ನಾನು ಬರೆದ ಡ್ರಾಯಿಂಗ್ ಹಿಡಿದೇ ಅಡುಗೆಮನೆ, ವಾರ್ಡ್‌ರೋಬ್ ಎಲ್ಲ ಮಾಡಿಸಿಕೊಂಡರು. ಬಾಕಿಯ ಮುಕ್ಕಾಲು ಪಾಲು ಕೊನೆಗೆ ಕೈಗೆ ಬಂತು, ಆದರೆ ಸುಲಭವಾಗಿ ಬರಲಿಲ್ಲ. ಮನೆಯವರ ಹೆಸರು ಹೇಳುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆ ಅಂತಷ್ಟೇ ಇರಲಿ.

ಅದು ಜಂಬಿಟ್ಟಿಗೆ ಗೋಡೆಯ ಹಳೇ ಮನೆ. ಅಡುಗೆಮನೆ, ಎರಡು ಮಲಗುವ ಕೋಣೆ, ಹಾಲ್‌ನಲ್ಲಿ ಟಿವಿ ಯೂನಿಟ್, ದೇವರ ಗೂಡು, ಇಷ್ಟಕ್ಕೆ ಡಿಸೈನ್ ಬೇಕಿತ್ತು. ಒಟ್ಟು ಫೀಸ್ 1,00,000 ರೂಪಾಯಿ ಎಂದು ಮಾತಾಯಿತು. ಶುರುವಿಗೆ 20,000, ತ್ರೀ-ಡಿ ಚಿತ್ರಗಳನ್ನು ಕೊಟ್ಟಾಗ 30,000, ವರ್ಕಿಂಗ್ ಡ್ರಾಯಿಂಗ್ ಕೊಟ್ಟಾಗ 40,000, ಕೆಲಸ ನಡೆಯುವಾಗ ಬಂದು ನೋಡುವುದಕ್ಕೆ 10,000. ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದೆ. "ಓಕೆ, ಶುರು ಮಾಡಿ" ಎಂದು ಉತ್ತರ ಬಂತು, 20,000 ಕೂಡ ಬಂತು. ಬೇರೆ ಕಾಗದ ಪತ್ರ ಏನೂ ಇರಲಿಲ್ಲ. ನಮ್ಮ ಕಡೆ ಹೆಚ್ಚಿನ ಮನೆ ಕೆಲಸಗಳು ನಡೆಯುವುದೇ ಹೀಗೆ.

ಡಿಸೈನ್‌ನಲ್ಲಿ ಏನಿತ್ತು ಅಂತ ಸ್ವಲ್ಪ ಹೇಳಬೇಕು. ಮುಂದೆ ಜಗಳವೆಲ್ಲ ನಿಂತಿದ್ದು ಅದರ ಮೇಲೆಯೇ.

ಮಲೆನಾಡಿನಲ್ಲಿ ಮಳೆ ಹೊಡೆಯುವ ದಿಕ್ಕಿನ ಗೋಡೆ ಇಡೀ ಮಳೆಗಾಲ ಥಂಡಿ ಹಿಡಿದಿರುತ್ತದೆ. ಅಂಥ ಗೋಡೆಗೆ ವಾರ್ಡ್‌ರೋಬ್ ಆನಿಸಿ ಕೂರಿಸಿದರೆ ಹಿಂದಿನ ಪ್ಲೈ ನೀರು ಹೀರುತ್ತದೆ, ದೀಪಾವಳಿ ಹೊತ್ತಿಗೆ ಬಟ್ಟೆಯೆಲ್ಲ ಬೂಸ್ಟು ವಾಸನೆ. ಹಾಗಾಗಿ ಗೋಡೆಯಿಂದ 40 ಮಿ.ಮೀ. ಬಿಟ್ಟು ವಾರ್ಡ್‌ರೋಬ್ ನಿಲ್ಲಿಸಿ, ಕೆಳಗಿನ ಪಟ್ಟಿಯಲ್ಲೂ ಮೇಲೆ ಲಾಫ್ಟ್ ಹತ್ತಿರವೂ ಗಾಳಿ ಕಂಡಿ ಕೊಟ್ಟಿದ್ದೆ. ಕೆಳಗಿಂದ ಒಳಹೊಕ್ಕ ಗಾಳಿ ಹಿಂಬದಿಯಲ್ಲಿ ಏರಿ ಮೇಲಿನಿಂದ ಹೊರಗೆ ಹೋಗಬೇಕು. ಅಡುಗೆಮನೆಯಲ್ಲಿ ಇನ್ನೊಂದು ತೊಂದರೆ. ಹಳೇ ಗೋಡೆ ತೂಕಕ್ಕೆ ನೆಟ್ಟಗಿರಲಿಲ್ಲ, ಮೇಲೆ ಹೋದಂತೆ ಒಳಗೆ ವಾಲಿತ್ತು. ಪ್ರತಿ ಗೋಡೆಯನ್ನೂ ಕೆಳಗೆ, ನಡುವೆ, ಮೇಲೆ ಅಂತ ಮೂರು ಎತ್ತರದಲ್ಲಿ ಅಳೆದು, ಮೂಲೆಯ ಎತ್ತರದ ಕಪಾಟಿನ ಪಕ್ಕಕ್ಕೆ ಕೆಳಗೆ 42 ಮಿ.ಮೀ., ಮೇಲೆ 15 ಮಿ.ಮೀ. ಅಗಲದ ಓರೆ ಪಟ್ಟಿ ಬರೆದಿದ್ದೆ. ಈ ಅಳತೆ ಆ ಗೋಡೆಗೆ ಬಿಟ್ಟರೆ ಬೇರೆ ಎಲ್ಲೂ ಹೊಂದುವುದಿಲ್ಲ.

ತ್ರೀ-ಡಿ ನೋಡಿ ಮನೆಯವರು ಖುಷಿಪಟ್ಟರು. ಒಂದೆರಡು ಬಣ್ಣ ಬದಲಿಸಲು ಹೇಳಿದರು, ಬದಲಿಸಿದೆ. 30,000 ಕೇಳಿದಾಗ "ಅಡಿಕೆ ದುಡ್ಡು ಬರಲಿ, ಒಟ್ಟಿಗೇ ಹಾಕ್ತೀವಿ" ಎಂದರು. ಆಮೇಲೆ ಆ ಮೆಸೇಜ್ ಬಂತು: "ಕಾರ್ಪೆಂಟರ್ ಬಂದಿದ್ದಾರೆ, ಎಸ್ಟಿಮೇಟ್ ಹೇಳೋಕೆ ಅಳತೆ ಬೇಕಂತೆ, ಡ್ರಾಯಿಂಗ್ ಪಿಡಿಎಫ್ ಕಳಿಸಿ." ಎಲೆವೇಶನ್, ಸೆಕ್ಷನ್, ಪ್ಲೈ ಕಟಿಂಗ್ ಲಿಸ್ಟ್ ಸೇರಿ ಪೂರ್ತಿ ಸೆಟ್ ಹೋಯಿತು. ಜೊತೆಗೆ "ಇದು ಎಸ್ಟಿಮೇಟ್‌ಗೆ ಮಾತ್ರ" ಎಂದು ಮೆಸೇಜ್ ಹಾಕಿದ್ದೆ. ಸ್ವಲ್ಪ ದಿನ ಸುಮ್ಮನಿದ್ದು ಫೋನ್ ಮಾಡಿದರು. "ಮನೆಯಲ್ಲಿ ಯಾರಿಗೂ ಡಿಸೈನ್ ಹಿಡಿಸಲಿಲ್ಲ. ಬೇರೆ ಥರ ಮಾಡಿಸ್ತೀವಿ. ಅಡ್ವಾನ್ಸ್ ನೀವೇ ಇಟ್ಕೊಳ್ಳಿ, ಲೆಕ್ಕ ಮುಗೀತು."

ಡಿಸೈನ್ ಬೇಡ ಅನ್ನುವ ಹಕ್ಕು ಮನೆಯವರಿಗೆ ಖಂಡಿತ ಇದೆ. ಬೇರೆಯವರ ಹತ್ತಿರ ಬೇರೆ ಥರ ಮಾಡಿಸಿಕೊಂಡಿದ್ದರೆ ಆಗಿರುವ ಹಂತದ ಫೀಸ್ ಬಗ್ಗೆ ಒಂದು ಮಾತಾಡಿ ಬಿಟ್ಟುಬಿಡುತ್ತಿದ್ದೆ.

ಮಳೆ ಹಿಡಿಯುವ ಮುಂಚೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಸರ್, ಏಳನೇ ಶೀಟಲ್ಲಿ ಮೂಲೆ ಪಟ್ಟಿ ಕೆಳಗೆ 42, ಮೇಲೆ 15 ಅಂತ ಇದ್ಯಲ್ಲ, ಇದು ಸರೀನಾ? ಪ್ರಿಂಟಲ್ಲೇನಾದ್ರೂ ತಪ್ಪಿದ್ಯಾ?" ಅವರು ಆ ಮನೆಯ ಕಾರ್ಪೆಂಟರ್. ಶೀಟಿನ ಮೂಲೆಯಲ್ಲಿ ನನ್ನ ಹೆಸರು, ನಂಬರ್, ತಾರೀಖು ಇರುವ ಚೌಕವಿತ್ತು, ಅದನ್ನು ನೋಡಿ ಫೋನ್ ಮಾಡಿದ್ದರು. ಆ ಶೀಟಿನ ಫೋಟೋ ಕಳಿಸಿ ಎಂದೆ. ತಕ್ಷಣ ಕಳಿಸಿದರು. ಅರ್ಧ ಕೊಯ್ದ ಪ್ಲೈ ಹಲಗೆ ಮೇಲೆ ಹಾಸಿದ ನನ್ನ ಹಾಳೆ, ಅಂಚಿಗೆಲ್ಲ ಮರದ ಪುಡಿ, ಪಕ್ಕದ ಕಟಿಂಗ್ ಲಿಸ್ಟಿನಲ್ಲಿ ಕೊಯ್ದು ಮುಗಿದ ತುಂಡುಗಳಿಗೆಲ್ಲ ಪೆನ್ಸಿಲ್‌ನಲ್ಲಿ ರೈಟ್ ಮಾರ್ಕ್. ಫೀಸ್ ಬಂದಿಲ್ಲ ಎಂದು ಹೇಳಿದಾಗ ಆ ಮನುಷ್ಯ ಗಾಬರಿಯಾದರು. "ಯಜಮಾನ್ರು ಕೊಟ್ರು ಸರ್, ನಮಗೇನು ಗೊತ್ತು" ಎಂದರು. ಅವರದೇನೂ ತಪ್ಪಿಲ್ಲ. ಅವರನ್ನು ನಾನು ಎಲ್ಲೂ ಎಳೆಯಲಿಲ್ಲ, ನೀವೂ ಎಳೆಯಬೇಡಿ.

ಮನೆಯವರನ್ನು ಕೇಳಿದರೆ "ಕಿಚನ್ ಅಂದ್ಮೇಲೆ ಎಲ್ಲರ ಮನೇಲೂ ಹೀಗೇ ಇರುತ್ತೆ ಅಲ್ವಾ, ಇದರಲ್ಲಿ ನಿಮ್ಮದೇನಿದೆ?" ಎಂದರು. ಇಂಥ ಜಗಳದಲ್ಲಿ ಮೊದಲು ಬರುವ ಮಾತೇ ಇದು. ಅದರಲ್ಲಿ ಅರ್ಧ ನಿಜವೂ ಇದೆ. ಎಲ್ ಆಕಾರದ ಅಡುಗೆ ಕಟ್ಟೆ, ಜಾರುಬಾಗಿಲಿನ ವಾರ್ಡ್‌ರೋಬ್ ಯಾರ ಸ್ವತ್ತೂ ಅಲ್ಲ. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದನ್ನೇ ಹಿಡಿದು ವಾದ ಮಾಡಲು ಹೋದರೆ ಸೋಲುತ್ತೀರಿ. ಆದರೆ ಸ್ವಂತವಾಗಿ ಬರೆದ ಡ್ರಾಯಿಂಗ್ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾಕೃತಿಯ ಸಾಲಿಗೆ ಸೇರುತ್ತದೆ. ಸ್ವಂತ ಕಸುಬು ಮಾಡುವವರು ಬರೆದದ್ದಾದರೆ ಅದು ಬರೆದವರದೇ. ಬೇರೆಯವರಿಗೆ ಸೇರಬೇಕಾದರೆ ಬರಹದಲ್ಲಿ ಬರೆದುಕೊಡಬೇಕು. ಪಿಡಿಎಫ್ ಕಳಿಸಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಆದರೂ ನಮ್ಮ ವಕೀಲರು ಕಾಪಿರೈಟನ್ನು ಎರಡನೇ ಸಾಲಿಗೆ ಇಟ್ಟರು. ಕೆಲಸ ನಿಲ್ಲಿಸುವ ಆಸೆ ಬಿಡಿ, ದುಡ್ಡಿನ ಬಗ್ಗೆ ಮಾತಾಡೋಣ ಎಂದರು. ಸಿಟ್ಟಿನಲ್ಲಿ ಪೊಲೀಸ್ ಸ್ಟೇಷನ್‌ಗೆ ಹೋಗುವವರಿಗೂ ಇದೇ ಮಾತು: ಫೀಸ್ ಬಾಕಿ ಸಿವಿಲ್ ವಿಷಯ, ಅಲ್ಲಿಂದ ವಾಪಸ್ ಕಳಿಸುವ ಸಾಧ್ಯತೆಯೇ ಜಾಸ್ತಿ. ವಕೀಲರು ಮೊದಲು ಹಿಡಿದಿದ್ದು ನಮ್ಮ ವಾಟ್ಸಾಪ್ ಮಾತುಕತೆಯನ್ನು. ನಾನು ಫೀಸ್ ಬರೆದಿದ್ದು, ಮನೆಯವರು "ಓಕೆ" ಎಂದಿದ್ದು, ಅಡ್ವಾನ್ಸ್ ಹಾಕಿದ್ದು, ಮೂರೂ ಸೇರಿದರೆ ಅದೇ ಕರಾರು. ಒಂದು ವೇಳೆ ಕರಾರೇ ಇರಲಿಲ್ಲ ಎಂದು ಎದುರಿನವರು ವಾದಿಸಿದರೆ 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ ಇದೆ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ, ಅದಕ್ಕೆ ತಕ್ಕ ಹಣ ಕೊಡಬೇಕು ಅನ್ನುತ್ತದೆ ಅದು. ಇಲ್ಲಿ "ಲಾಭ ಪಡೆದರು" ಅನ್ನುವುದನ್ನು ತೋರಿಸಲು ಆ 42–15ರ ಪಟ್ಟಿ ಮತ್ತು ರೈಟ್ ಮಾರ್ಕ್ ಇರುವ ಫೋಟೋ ಸಾಕಾಯಿತು. ಮುಗಿದ ಮನೆಯ ಚೆಂದದ ಫೋಟೋಗಳನ್ನೂ ಸೇರಿಸಿಕೊಟ್ಟಿದ್ದೆ, ಅದರಿಂದ ಏನೂ ಆಗಲಿಲ್ಲ. ನೋಡಲು ಒಂದೇ ಥರ ಇರುವ ಅಡುಗೆಮನೆ ಸಾವಿರ ಇರುತ್ತವೆ. ಒಂದೇ ವಿಚಿತ್ರ ಅಳತೆ ಎರಡು ಕಡೆ ತಾನಾಗಿ ಬರುವುದಿಲ್ಲ.

ಒಂದು ಮಾತು ನೆನಪಿಡಿ. ಸ್ಕ್ರೀನ್‌ಶಾಟ್ ತೆಗೆದುಕೊಂಡು ಚಾಟ್ ಅಳಿಸಬೇಡಿ, ಆ ಫೋನ್ ಕೂಡ ಮಾರಬೇಡಿ. ಕೋರ್ಟಿಗೆ ಹೋದರೆ ಇಂಥ ದಾಖಲೆಗೆ 2023ರ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಅದು ಕಷ್ಟವಲ್ಲ.

ನೋಟಿಸಿನಲ್ಲಿ 70,000 ಕೇಳಿದೆವು. ಬಂದು ನೋಡುವ 10,000 ಕೇಳಲಿಲ್ಲ, ಯಾಕೆಂದರೆ ಆ ಕೆಲಸ ನಾನು ಮಾಡಿಯೇ ಇಲ್ಲ. ಮಾಡದ ಕೆಲಸ ಸೇರಿಸಿದರೆ ಮಾಡಿದ ಕೆಲಸದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ನೋಟಿಸಿಗೆ ಉತ್ತರ ಬರಲಿಲ್ಲ. ಆಮೇಲೆ ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆ. ಕೇಸ್ ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ, ಕೋರ್ಟ್ ಫೀಸ್ ಇಲ್ಲ. ಎದುರಿನವರು ಬರದಿದ್ದರೆ, ಬಂದು ಒಪ್ಪದಿದ್ದರೆ ಅಲ್ಲಿ ಬಲವಂತ ಮಾಡುವಂತಿಲ್ಲ, ಅಷ್ಟು ಗೊತ್ತಿರಲಿ. ನಮ್ಮ ವಿಷಯದಲ್ಲಿ ಬಂದರು. ಟಿವಿ ಯೂನಿಟ್, ದೇವರ ಗೂಡನ್ನು ನನ್ನ ಡ್ರಾಯಿಂಗ್ ಪ್ರಕಾರ ಮಾಡಿಸಿಲ್ಲ ಎಂದು ತೋರಿಸಿದರು. ಅದು ನಿಜವಾಗಿತ್ತು, ಒಪ್ಪಿಕೊಂಡೆ. ಫೋಟೋ ಮೇಜಿನ ಮೇಲಿಟ್ಟ ಮೇಲೆ ಉಳಿದದ್ದಕ್ಕೆ ಅವರ ಬಳಿ ಮಾತಿರಲಿಲ್ಲ. 55,000ಕ್ಕೆ ರಾಜಿ ಆಯಿತು, ಎರಡು ಕಂತಿನಲ್ಲಿ ಕೊಟ್ಟರು. ಅಲ್ಲಿ ಬರೆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ, ಅದಕ್ಕೇ ಎರಡನೇ ಕಂತು ತಪ್ಪಲಿಲ್ಲ.

ನೋಂದಾಯಿತ ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಕೌನ್ಸಿಲ್ ಇದೆ. ಬರೀ ಇಂಟೀರಿಯರ್ ಡಿಸೈನರ್ ಆದವರಿಗೆ ಅಂಥ ಕಾಯ್ದೆ ಇಲ್ಲ. ನಾವು ಬರೆದುಕೊಂಡದ್ದೇ ನಮಗೆ ಆಧಾರ. ಈಗ ಎಸ್ಟಿಮೇಟ್‌ಗೆ ಅಂದರೆ ನಾನು ಕೊಡುವುದು ಪ್ಲಾನ್, ಹೊರ ಅಳತೆ ಮಾತ್ರ ಇರುವ ಎಲೆವೇಶನ್, ಎಷ್ಟು ಚದರಡಿ ಯಾವ ಪ್ಲೈ, ಯಾವ ಲ್ಯಾಮಿನೇಟ್ ಅನ್ನುವ ಪಟ್ಟಿ. ರೇಟ್ ಹೇಳಲು ಕಾರ್ಪೆಂಟರ್‌ಗೆ ಅಷ್ಟು ಸಾಕು. ಸೆಕ್ಷನ್, ಕಟಿಂಗ್ ಲಿಸ್ಟ್ ಆ ಹಂತದ ದುಡ್ಡು ಬಂದ ಮೇಲೆ. ಶುರುವಿನಲ್ಲೇ ಮೂರು ಸಾಲು ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ: "ಪೂರ್ತಿ ಫೀಸ್ ಕೊಟ್ಟ ಮೇಲೆ ಈ ಡ್ರಾಯಿಂಗ್‌ಗಳನ್ನು ಈ ಒಂದು ಮನೆಗೆ ಬಳಸಬಹುದು. ಡಿಸೈನ್ ಬೇಡ ಎಂದರೆ ಆ ಹಂತದವರೆಗಿನ ಫೀಸ್ ಮಾತ್ರ. ಬೇಡ ಎಂದ ಮೇಲೂ ಡ್ರಾಯಿಂಗ್ ಬಳಸಿದರೆ ಡಿಸೈನ್ ಮತ್ತು ಡ್ರಾಯಿಂಗ್‌ನ ಪೂರ್ತಿ ಫೀಸ್." ಇದನ್ನು ಓದಿ ಸಹಿ ಹಾಕಲ್ಲ ಅಂದವರು ಇಲ್ಲಿಯವರೆಗೆ ಸಿಕ್ಕಿಲ್ಲ.

ಇಂಥದ್ದೇ ಬಾಕಿ ಈಗಾಗಲೇ ಇರುವವರು ತಡ ಮಾಡಬೇಡಿ. ಮಾಡಿದ ಕೆಲಸದ ದುಡ್ಡಿಗೆ ದಾವೆ ಹಾಕಲು ಸಾಮಾನ್ಯವಾಗಿ ಇರುವ ಅವಧಿ ಮೂರು ವರ್ಷ. "ಕೊಡ್ತೀವಿ ಇರಿ" ಅನ್ನುವ ಬಾಯಿಮಾತಿನ ಫೋನ್ ಕರೆಗಳಿಂದ ಅದು ಮುಂದಕ್ಕೆ ಹೋಗುವುದಿಲ್ಲ.