ನೈಟ್ ಶಿಫ್ಟ್ ಊಟ: ಡ್ಯೂಟಿಗೆ ಮುಂಚೆಯೋ, ನಡುರಾತ್ರಿಯೋ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಡ್ಯೂಟಿ ಅಂದುಕೊಳ್ಳಿ. 8ಕ್ಕೆ ಮನೆಯಲ್ಲೇ ಪೂರ್ತಿ ಊಟ ಮಾಡಿ ಹೊರಡಬಹುದು. ಇಲ್ಲವೇ ರಾತ್ರಿ 2ಕ್ಕೆ ಕ್ಯಾಂಟೀನಿನಲ್ಲಿ ಅನ್ನ-ಸಾಂಬಾರ್ ಉಣ್ಣಬಹುದು.

ಕ್ಯಾಂಟೀನಿನಲ್ಲಿ ಬಿಸಿ ಊಟ ಸಿಗುತ್ತದೆ, ಜೊತೆಯವರ ಹರಟೆಯೂ ಇರುತ್ತದೆ. ಆದರೆ ನಡುರಾತ್ರಿ ಹೊಟ್ಟೆಯ ಕೆಲಸ ನಿಧಾನ. ಅಷ್ಟೇ ಅನ್ನ ತಿಂದರೂ ರಕ್ತದ ಸಕ್ಕರೆ ಹಗಲಿಗಿಂತ ಜಾಸ್ತಿ ಏರುತ್ತದೆ. ಬೆಳಗಿನ ಜಾವ 3-4 ಗಂಟೆ ಹೇಗೂ ತೂಕಡಿಕೆಯ ಹೊತ್ತು, ತುಂಬಿದ ಹೊಟ್ಟೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಹುಳಿತೇಗು ಶುರುವಾದರೆ ಊಟ ಭಾರವಾಯ್ತು ಎಂದೇ ಲೆಕ್ಕ.

ನನ್ನ ಓಟು ಮನೆಯೂಟಕ್ಕೆ. 8ಕ್ಕೆ ಮುದ್ದೆ, ಸೊಪ್ಪಿನ ಸಾರು, ಪಲ್ಯ. 1ರ ಹೊತ್ತಿಗೆ ಹಸಿದರೆ ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ. ಬಜ್ಜಿ ಬೇಡ, ಕರಿದಿದ್ದು ಬೇಗ ಅರಗುವುದಿಲ್ಲ. ಕೊನೆಯ ಕಾಫಿಯೂ ಆಗಲೇ ಮುಗಿಯಲಿ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ನೀವು ಬೆಳಗ್ಗೆ 8ಕ್ಕೆ ಮಲಗಬೇಕಲ್ವಾ?

ಈ ದಾರಿಯಲ್ಲಿ ಎಡವುವುದು ಬೆಳಗ್ಗೆ. ಗೇಟು ದಾಟಿದ ಕೂಡಲೇ ಮಸಾಲೆ ದೋಸೆಯ ವಾಸನೆ ಎಳೆಯುತ್ತದೆ. ಅದನ್ನು ತಿಂದು ಮಲಗಿದರೆ ಎದೆಯುರಿ, ಏನೂ ತಿನ್ನದಿದ್ದರೆ 11ಕ್ಕೇ ಹಸಿವಿನಿಂದ ಎಚ್ಚರ. 6:30ಕ್ಕೆ ಎರಡು ಇಡ್ಲಿ ಸಾಕು. ಎದ್ದ ಮೇಲೆ 3ಕ್ಕೆ ಸರಿಯಾದ ಊಟ ಮಾಡಿ.

ದೂರದಿಂದ ಬರುವವರು ಸಂಜೆ 7ಕ್ಕೇ ಬಸ್ ಹಿಡಿಯಬೇಕಾದರೆ ಕ್ಯಾಂಟೀನೇ ಗತಿ. ಆಗ 12ರೊಳಗೆ ಉಣ್ಣಿ, ಅನ್ನ ಅರ್ಧಕ್ಕಿಳಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬೇಡಿ.