ಗ್ರೂಪಲ್ಲಿ ‘ಬರ್ತೀನಿ’ ಅಂದವರು, ಮುನ್ನೂರು ರೂಪಾಯಿ ಕೊಟ್ಟವರು

ನಮ್ಮದು 1998ರ ಎಸ್ಸೆಸ್ಸೆಲ್ಸಿ ಬ್ಯಾಚು. ಎರಡು ಸಲ ಸೇರಿದ್ದೇವೆ, ಎರಡು ಸಲವೂ ಊಟದ ಲೆಕ್ಕ ನನ್ನ ತಲೆಗೇ ಬಂತು.

2018ರಲ್ಲಿ ಎಲ್ಲ ವಾಟ್ಸಾಪ್‌ನಲ್ಲೇ. ಒಬ್ಬ ಇನ್ನೊಬ್ಬನನ್ನು ಸೇರಿಸುತ್ತಾ ಹೋಗಿ ಗ್ರೂಪು 41ಕ್ಕೆ ನಿಂತುಬಿಟ್ಟಿತು. ನೋಡಿದರೆ ಅದರಲ್ಲಿ ಹೆಚ್ಚಿನವರು ಬೆಂಗಳೂರು ಸೇರಿದ ಹುಡುಗರು. ಒಬ್ಬರಿಗೊಬ್ಬರು ಮೊದಲೇ ಗೊತ್ತಿದ್ದವರು.

2023ರಲ್ಲಿ ಹೆಡ್‌ಮಾಸ್ಟರ್ ಅನುಮತಿ ತಗೊಂಡು ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿದೆವು. ಅದರಲ್ಲಿ ಅಪ್ಪನ ಹೆಸರು, ಊರು ಎರಡೂ ಇರುತ್ತವೆ. ಮದುವೆಯಾಗಿ ಇನಿಷಿಯಲ್ ಬದಲಾದ ಹೆಣ್ಣುಮಕ್ಕಳನ್ನು ಫೇಸ್‌ಬುಕ್‌ನಲ್ಲಿ ಹುಡುಕೋದು ಕಷ್ಟ, ಆದರೆ ಊರಿನ ಹಾಲಿನ ಡೈರಿಯಲ್ಲಿ ‘ಇಂಥವರ ಮಗಳು’ ಅಂದರೆ ಸಾಕು, ಅಣ್ಣನೋ ತಮ್ಮನೋ ಸಿಗುತ್ತಾನೆ. ನಾವು ಅವರ ನಂಬರ್ ಕೇಳಲಿಲ್ಲ. ನಮ್ಮ ಕಡೆಯ ಒಬ್ಬ ಗೆಳತಿಯ ನಂಬರ್ ಕೊಟ್ಟು, ‘ಇಷ್ಟವಿದ್ದರೆ ಫೋನ್ ಮಾಡಲಿ’ ಅಂದೆವು. ಹೀಗೆ ಇನ್ನೂ 19 ಜನ ಸಿಕ್ಕರು, ಅದರಲ್ಲಿ 14 ಹೆಣ್ಣುಮಕ್ಕಳು. ಹುಡುಕೋದಕ್ಕೆ ರಿಜಿಸ್ಟರೇ ಮೇಲು. ಓಡಾಟ ಮಾತ್ರ ಜಾಸ್ತಿ.

ಇನ್ನು ಯಾರು ಬರುತ್ತಾರೆ ಅನ್ನೋ ಪ್ರಶ್ನೆ. ಮೊದಲ ಸಲ ಗ್ರೂಪಲ್ಲೇ ಕೇಳಿದೆವು. 33 ಜನ ‘ಬರ್ತೀನಿ’ ಅಂತ ಹಾಕಿದರು. ಅಡುಗೆ ಭಟ್ಟರಿಗೆ 35 ಎಲೆ ಹೇಳಿದೆ. ಬಂದವರು 19! ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿ ಹಂಚಿದ್ದು ಇವತ್ತಿಗೂ ಗ್ರೂಪಲ್ಲಿ ತಮಾಷೆ. ಗ್ರೂಪಲ್ಲಿ ‘ಬರ್ತೀನಿ’ ಅನ್ನೋದು ಸುಮ್ನೆ ಪ್ರೀತಿ ತೋರಿಸಿದ ಹಾಗೆ, ಅಲ್ವಾ?

ಎರಡನೇ ಸಲ ಹಾಗೆ ಕೇಳಲಿಲ್ಲ. ಹತ್ತು ದಿನ ಮೊದಲೇ ತಲೆಗೆ 300 ರೂಪಾಯಿ ಕೇಳಿದೆವು. ಕೊಟ್ಟವರ ಪಟ್ಟಿಯನ್ನು ಗ್ರೂಪಲ್ಲಿ ಹಾಕೋಣ ಅಂತ ಒಬ್ಬ ಹಟ ಹಿಡಿದ. ನಾನು ಬಿಡಲಿಲ್ಲ. ಕೈ ಬಿಗಿ ಇರುವವರು ಅದನ್ನು ನೋಡಿ ಸದ್ದಿಲ್ಲದೆ ಗ್ರೂಪು ಬಿಡುತ್ತಾರೆ. ಶಾಲೆಗೆ ನೀರಿನ ಫಿಲ್ಟರ್ ಕೊಡಿಸುವ ದುಡ್ಡನ್ನೂ ಇದರ ಜೊತೆ ಬೆರೆಸಲಿಲ್ಲ, ಬೇರೆ ವಹಿಯಲ್ಲಿಟ್ಟೆವು.

60 ಜನರಲ್ಲಿ 34 ಜನ ದುಡ್ಡು ಕಳಿಸಿದರು. 18 ಜನ ಬಾಯಲ್ಲಿ ಮಾತ್ರ ಬರ್ತೀನಿ ಅಂದರು, 8 ಜನ ಆಗಲ್ಲ ಅಂದರು. ಆ 18ನ್ನು ನಾನು ಎರಡು ಭಾಗ ಮಾಡಿದೆ: ತಾಲ್ಲೂಕಲ್ಲೇ ಇರುವವರು 10, ದೂರದವರು 8. ಕೊಟ್ಟವರಲ್ಲಿ ಹತ್ತಕ್ಕೊಬ್ಬರು ತಪ್ಪುತ್ತಾರೆ, ಹತ್ತಿರದವರಲ್ಲಿ ಅರ್ಧ ಬರುತ್ತಾರೆ, ದೂರದವರು ಬರಲ್ಲ ಅಂತ ಹಿಡಿದೆ. 31 ಮತ್ತು 5, ಒಟ್ಟು 36. ಭಟ್ಟರಿಗೆ 40 ಹೇಳಿದೆ. ಕೊಟ್ಟವರಲ್ಲಿ 31, ಹತ್ತಿರದವರಲ್ಲಿ 6, ದೂರದವರಲ್ಲಿ ಒಬ್ಬ, ಹೀಗೆ 38 ಜನ ಬಂದರು.

ಆದರೆ ಎಲ್ಲ ಪುಣ್ಯವೂ ಆ ಮುನ್ನೂರು ರೂಪಾಯಿಯದಲ್ಲ. ಮೊದಲ ಸಲ ಇಟ್ಟದ್ದು ಮೇ ತಿಂಗಳಲ್ಲಿ, ಮುಹೂರ್ತದ ದಿನ. ಅರ್ಧ ಜನ ಯಾವುದೋ ಮದುವೆ ಮನೆಯಲ್ಲಿದ್ದರು. ಎರಡನೇ ಸಲ ಆಯುಧ ಪೂಜೆಯ ಹಿಂದಿನ ಭಾನುವಾರ, ಬೆಂಗಳೂರಿನವರು ಹೇಗೂ ಊರಿಗೆ ಬಂದಿದ್ದರು. ದುಡ್ಡು ಕೊಟ್ಟೂ ಬಾರದ ಮೂವರಲ್ಲಿ ಇಬ್ಬರು ವಾಪಸ್ ಬೇಡ ಅಂದರು. ಮೂರನೆಯವನು ಮಾತ್ರ ತನ್ನ ಪಾಲಿನ ಹೋಳಿಗೆ ಎಲ್ಲಿ ಅಂತ ಇನ್ನೂ ಕೇಳುತ್ತಾನೆ.